ಗೇಟಿನಾಚೆ ನಿಂತವರಿಗೂ ಕೇಳಿಸುವ ಪೀಠಿಕೆ

ಮೊದಲು ಒಂದು ಸಣ್ಣ ಲೆಕ್ಕ. ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಒಬ್ಬರು ಹೇಳಿಕೊಟ್ಟು ಉಳಿದವರು ಅನುಸರಿಸಿ ಓದಲು ಹೆಚ್ಚುಕಡಿಮೆ ಎರಡು ನಿಮಿಷ ಬೇಕು. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಅಂದರೆ ಒಂದು ವರ್ಷದಲ್ಲಿ ನಾವು ಪೀಠಿಕೆಯ ಓದಿಗೆ 440 ನಿಮಿಷ ಕೊಡುತ್ತಿದ್ದೇವೆ. ನಲವತ್ತು ನಿಮಿಷದ ಪಿರಿಯಡ್ ಲೆಕ್ಕದಲ್ಲಿ ಅದು ಹನ್ನೊಂದು ಪಿರಿಯಡ್. ಅದೇ ಪೀಠಿಕೆಯ ಬಗ್ಗೆ ಮಕ್ಕಳ ಜೊತೆ ಮಾತಾಡಲು ಎರಡು ಪಿರಿಯಡ್ ಕೊಡಿ ಎಂದು ಕೇಳಿದರೆ ನಮ್ಮ ಕಡೆಯ ಬಹಳಷ್ಟು ಶಾಲೆಗಳಲ್ಲಿ ಬರುವ ಉತ್ತರ ಒಂದೇ: "ಟೈಮ್ ಎಲ್ಲಿ ಐತ್ರೀ, ಪೋರ್ಷನ್ ಮುಗೀಬೇಕಲ್ಲ."

ನಾನು ಪೀಠಿಕೆ ಓದಿಸುವುದರ ವಿರೋಧಿಯಲ್ಲ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಶಾಲಾ ಕಾಲೇಜುಗಳಲ್ಲಿ ಇದನ್ನು ಕಡ್ಡಾಯ ಮಾಡಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ನಮ್ಮ ಗಡಿಯಾಚೆ ಮಹಾರಾಷ್ಟ್ರದಲ್ಲಿ 2020ರ ಜನವರಿ 26ರಿಂದಲೇ ಶಾಲೆಗಳಲ್ಲಿ ಓದಿಸಲು ಶುರು ಮಾಡಿದ್ದರು. ಓದಿಸಬೇಡಿ, ಮಕ್ಕಳ ತಲೆಗೆ ರಾಜಕೀಯ ತುಂಬಬೇಡಿ ಎನ್ನುವವರ ಜೊತೆ ನನ್ನ ಜಗಳ ಬೇರೆ, ಅದನ್ನು ಇನ್ನೊಂದು ದಿನ ಆಡೋಣ. ಇವತ್ತಿನ ಜಗಳ ನಮ್ಮವರ ಜೊತೆಗೇ, ಅಂದರೆ ಓದಿಸುವವರ ಜೊತೆಗೆ. ನಾವು ಪೀಠಿಕೆಯನ್ನು ಸುಪ್ರಭಾತ ಮಾಡಿಟ್ಟಿದ್ದೇವೆ. ಮಕ್ಕಳಿಗೆ ಅದು ಬಾಯಿಪಾಠ ಬರುತ್ತದೆ, ರಾಗವೂ ಬಂದಿದೆ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಾರೆ. 'ಅವಕಾಶ ಸಮಾನತೆ' ಅಂದರೇನು ಎಂದು ಕೇಳಿದರೆ ಮಾತ್ರ ಕಣ್ಣು ಮೇಲೆ ಮಾಡಿ ಚಾವಣಿ ನೋಡುತ್ತಾರೆ.

ಇದಕ್ಕೆ ನನ್ನ ಮದ್ದು ಒಂದೇ: ಪಾಠದಲ್ಲಿ ಪೀಠಿಕೆಯನ್ನು ಕೊನೆಗೆ ತೆರೆಯಿರಿ. ಮೊದಲು ಶಾಲೆಯ ಒಂದು ನಿಜವಾದ ತಕರಾರು ತೆಗೆದುಕೊಳ್ಳಿ, ಅದನ್ನು ಮಕ್ಕಳು ಪೂರ್ತಿ ಜಗ್ಗಾಡಲಿ, ಆಮೇಲೆ ಆ ಜಗ್ಗಾಟಕ್ಕೆ ಪೀಠಿಕೆಯಲ್ಲಿ ಹೆಸರು ಹುಡುಕಲಿ.

ಇದು ನನ್ನ ತಲೆಯಿಂದ ಹುಟ್ಟಿದ ಕ್ರಮವಲ್ಲ. ಸಂವಿಧಾನ ಸಭೆ ಮಾಡಿದ್ದೂ ಹೀಗೆಯೇ. ನೆಹರೂ 1946ರ ಡಿಸೆಂಬರ್ 13ರಂದು ಧ್ಯೇಯಗಳ ನಿರ್ಣಯ ಮಂಡಿಸಿದರು, 1947ರ ಜನವರಿ 22ರಂದು ಅದು ಅಂಗೀಕಾರವಾಯಿತು, ಅದು ನಿಜ. ಆದರೆ ಪೀಠಿಕೆಯ ಒಂದೊಂದು ಪದದ ಚರ್ಚೆಯನ್ನು ಸಭೆ ಕಡೆಗೆ ಇಟ್ಟುಕೊಂಡಿತು. ವಿಧಿಗಳ ಚರ್ಚೆ ಮುಗಿದ ಮೇಲೆ, 1949ರ ಅಕ್ಟೋಬರ್ 17ರಂದು ಪೀಠಿಕೆ ಸಭೆಯ ಮುಂದೆ ಬಂತು. ಯಾವ ಹಕ್ಕು, ಯಾರಿಗೆ, ಎಷ್ಟರ ಮಟ್ಟಿಗೆ ಎಂದು ಗುದ್ದಾಡಿ ಮುಗಿಸಿದ ಜನ ಆಮೇಲೆ ಕೂತು, ನಾವು ಇಷ್ಟು ದಿನ ಮಾಡಿದ್ದಾದರೂ ಏನು ಎಂದು ಒಂದು ವಾಕ್ಯದಲ್ಲಿ ಹೇಳಿಕೊಂಡರು. ಆ ವಾಕ್ಯವನ್ನು ಗುದ್ದಾಟವಿಲ್ಲದೆ ಮಕ್ಕಳ ಕೈಗೆ ಕೊಟ್ಟರೆ ಅವರು ಅದನ್ನು ಸ್ತೋತ್ರ ಅಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ತಕರಾರಿನ ವಿಷಯಕ್ಕೆ ಬರುತ್ತೇನೆ. ನಾನು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ, ಎಲ್ಲ ಕಡೆಯ ಮಕ್ಕಳನ್ನು ಕಂಡಿದ್ದೇನೆ. ಈ ಸೀಮೆ ಗೊತ್ತಿಲ್ಲದವರಿಗೆ ಒಂದು ಮಾತು: ಇಲ್ಲಿ ಊರು ಅಂದರೆ ಊರಷ್ಟೇ ಅಲ್ಲ, ಕಬ್ಬಿನ ಗದ್ದೆಗಳ ನಡುವೆ ಚದುರಿರುವ ತೋಟದ ಮನೆಗಳೂ ಸೇರಿ ಊರು. ಕೃಷ್ಣೆ, ದೂಧಗಂಗಾ, ವೇದಗಂಗಾ ನೀರು ಮುಟ್ಟಿದ ಕಡೆ ಕುಟುಂಬಗಳು ಹೊಲದಲ್ಲೇ ಮನೆ ಕಟ್ಟಿಕೊಂಡಿವೆ. ಶಾಲೆ ಮಾತ್ರ ಊರೊಳಗೆ. ಹಾಗಾಗಿ ತೋಟದಿಂದ ಬರುವ ಮಗು ಮೊದಲು ಕೆಸರು ದಾರಿಯಲ್ಲಿ ನಡೆದು ರಸ್ತೆಗೆ ಬರಬೇಕು, ಆಮೇಲೆ ಬಸ್ಸು ಕಾಯಬೇಕು. ಕಬ್ಬು ಕಡಿಯುವ ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಸಾಲಾಗಿ ಹೋಗುವ ಗಾಡಿಗಳ ಹಿಂದೆ ಬಸ್ಸು ಸಿಕ್ಕಿಹಾಕಿಕೊಂಡರೆ ಮುಗಿಯಿತು.

ಅಂಥದೊಂದು ಶಾಲೆ, ಹೆಸರು ಬೇಡ. ಹತ್ತು ಗಂಟೆಗೆ ಪ್ರಾರ್ಥನೆ, ಹತ್ತಕ್ಕೆ ಗೇಟು ಬಂದ್. ತಡವಾಗಿ ಬಂದವರು ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಲ್ಲಬೇಕು. ಆಮೇಲೆ ಒಳಗೆ ಬಂದು ಮೈದಾನದ ಕಾಗದ ಕಸ ಆರಿಸಬೇಕು. ಅದು ಮುಗಿದ ಮೇಲೆ ತರಗತಿಗೆ. ಅಷ್ಟರಲ್ಲಿ ಮೊದಲ ಪಿರಿಯಡ್ ಅರ್ಧ ಮುಗಿದಿರುತ್ತಿತ್ತು, ಮತ್ತು ವಾರದಲ್ಲಿ ನಾಲ್ಕು ದಿನ ಮೊದಲ ಪಿರಿಯಡ್ ಗಣಿತ. ಗೇಟಿನ ಹೊರಗೆ ನಿಂತ ಮಕ್ಕಳಿಗೆ ಒಳಗಿನಿಂದ ಸ್ಪೀಕರಿನಲ್ಲಿ ಪೀಠಿಕೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೆಲವರು ಹೊರಗಿನಿಂದಲೇ ದನಿಗೂಡಿಸುತ್ತಿದ್ದರು. ಇದರ ಬಗ್ಗೆ ನಾನು ಹೆಚ್ಚು ಹೇಳುವುದು ಬೇಡ.

ಎಂಟನೇ ತರಗತಿಯಲ್ಲಿ ಸಂವಿಧಾನದ ಮಾತು ಬಂದಾಗ ನಾನು ಪುಸ್ತಕ ಮುಚ್ಚಿಸಿ ಗೇಟಿನ ತಕರಾರು ತೆಗೆದೆ. ಅದನ್ನು ಹೇಗೆ ನಡೆಸಿದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ 'ಚರ್ಚೆ ಮಾಡಿಸಿ' ಎಂದು ತರಬೇತಿಗಳಲ್ಲಿ ಹೇಳುತ್ತಾರೆ, ಹೇಗೆ ಎಂದು ಹೇಳುವುದಿಲ್ಲ. ಬರೀ ಮಾತಾಡಿ ಎಂದರೆ ಮುಂದಿನ ಬೆಂಚಿನ ಐದು ಜನ ಮಾತಾಡುತ್ತಾರೆ, ಹಿಂದಿನವರು ಕಿಟಕಿ ನೋಡುತ್ತಾರೆ.

ಶುರು ಮಾಡಿದ್ದು ಲೆಕ್ಕದಿಂದ. ತಡವಾಗಿ ಬಂದವರ ಹೆಸರು ಬರೆಯುವ ವಹಿಯೊಂದು ಶಾಲೆಯಲ್ಲಿ ಇತ್ತು. ಹಿಂದಿನ ಮೂರು ವಾರ, ಅಂದರೆ ಹದಿನೆಂಟು ದಿನದ ಪುಟಗಳನ್ನು ತಂದು, ಹೆಸರು ಓದದೆ, ಕಾರಣವಾರು ಎಣಿಸಲು ನಾಲ್ಕು ಮಕ್ಕಳಿಗೆ ಕೊಟ್ಟೆ. ತರಗತಿಯಲ್ಲಿ 44 ಮಕ್ಕಳು. ಒಮ್ಮೆಯಾದರೂ ತಡವಾದವರು 17. ಅವರಲ್ಲಿ 11 ಮಂದಿ ಒಂದೇ ಬಸ್ಸಿನವರು, ತೋಟದ ಮನೆಗಳವರು. ನಾಲ್ವರು ಡೇರಿಗೆ ಹಾಲು ಹಾಕಿ ಅಥವಾ ತಮ್ಮ ತಂಗಿಯರನ್ನು ಅಂಗನವಾಡಿಗೆ ಬಿಟ್ಟು ಬರುವವರು. ಉಳಿದ ಇಬ್ಬರ ಮನೆ ಶಾಲೆಯ ಗಂಟೆ ಕೇಳಿಸುವಷ್ಟು ಹತ್ತಿರ. ಲೆಕ್ಕ ಕರಿಹಲಗೆಯ ಮೇಲೆ ಬಂದಾಗ ಇಡೀ ತರಗತಿ ಆ ಇಬ್ಬರ ಕಡೆ ತಿರುಗಿ ನಕ್ಕಿತು, ಅವರೂ ನಕ್ಕರು. ಲೆಕ್ಕ ಬರುವ ತನಕ 'ತಡವಾಗಿ ಬರುವವರು' ಎಂಬ ಒಂದೇ ಜಾತಿ ಇತ್ತು. ಈಗ ಮೂರಾಯಿತು.

ಆಮೇಲೆ ಕೈ ಎತ್ತಿಸಿದೆ. ಗೇಟಿನ ನಿಯಮ ಇರಲಿ ಎಂದವರು 29, ಬದಲಾಗಲಿ ಎಂದವರು 15. ತಡವಾಗಿ ಬರುವವರೇ 17 ಇದ್ದರು, ಅಂದರೆ ಕನಿಷ್ಠ ಇಬ್ಬರು ತಮ್ಮ ವಿರುದ್ಧ ತಾವೇ ಕೈ ಎತ್ತಿದ್ದರು. ಬಹುಮತದ ವಾದ ಸರಳವಾಗಿತ್ತು, ಮತ್ತು ದಯವಿಟ್ಟು ಅದನ್ನು ಮೂರ್ಖ ವಾದ ಎನ್ನಬೇಡಿ: "ರೂಲ್ ಎಲ್ಲಾರಿಗೂ ಒಂದ ಐತ್ರೀ ಸರ್. ಹೆಡ್ಮಾಸ್ತರ ಮಗಾ ಬಂದ್ರೂ ಹೊರಗ. ಇದಕ್ಕಿಂತ ಸಮಾನತೆ ಏನ್ ಬೇಕ್ರೀ?"

ಬಹಳ ಶಿಕ್ಷಕರು ಇಲ್ಲಿ ಎಡವುತ್ತಾರೆ. ತಕ್ಷಣ ಸರಿ ಉತ್ತರ ಹೇಳಿಬಿಡುತ್ತಾರೆ, ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಪಾಠ ಸತ್ತುಹೋಗುತ್ತದೆ. ನಾನು ನಮ್ಮ ಕಡೆಯ ಪಾಲಿನ ಪದ್ಧತಿ ನೆನಪಿಸಿದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಪಾಲು ಹಾಕಿದವನು ಕೊನೆಗೆ ಆರಿಸಿಕೊಳ್ಳಬೇಕು. ಆಗ ಪಾಲು ತಾನಾಗಿಯೇ ಸರಿಯಾಗಿ ಬೀಳುತ್ತದೆ. ಮೂರು ಬಗೆಯ ಚೀಟಿ ಮಾಡಿ ಡಬ್ಬಿಗೆ ಹಾಕಿದೆ: 'ಬಸ್ಸು', 'ಹಾಲು', 'ಹತ್ತಿರದ ಮನೆ'. ಪ್ರತಿಯೊಬ್ಬರೂ ಮೊದಲು ಗೇಟಿಗೆ ಒಂದು ನಿಯಮ ಬರೆಯಬೇಕು, ಆಮೇಲೆ ಚೀಟಿ ಎತ್ತಬೇಕು, ಬಂದ ಚೀಟಿಯವರಾಗಿ ಒಂದು ವಾರ ಅದೇ ನಿಯಮದಲ್ಲಿ ಬದುಕುತ್ತೀರಾ ಎಂದು ಹೇಳಬೇಕು. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ಬರೆದ ದಪ್ಪ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಯುಕ್ತಿಯೊಂದಿದೆ. ನಮ್ಮ ಮಕ್ಕಳಿಗೆ ಹೊಲದ ಪಾಲು ಸಾಕಾಯಿತು.

ಬರೆಯುವುದು ಮುಖ್ಯ. ಮೊದಲು ಬರೆದು ಆಮೇಲೆ ಮಾತಾಡಿದರೆ ಬಾಯಿ ಇಲ್ಲದ ಮಕ್ಕಳಿಗೂ ಕೈಯಲ್ಲಿ ಏನೋ ಇರುತ್ತದೆ. ಒಬ್ಬ ಹುಡುಗಿ, ಮೂರು ತಿಂಗಳಲ್ಲಿ ನನ್ನ ತರಗತಿಯಲ್ಲಿ ಒಂದು ಮಾತೂ ಆಡದವಳು, ತನ್ನ ಚೀಟಿ ಓದಿದಳು: "ಬಸ್ ಬಂದಾಗ ಬಂದವರು ಲೇಟ್ ಅಲ್ಲ. ಬಸ್ ಲೇಟ್." ಕನ್ನಡದ ವ್ಯಾಕರಣದಲ್ಲಿ ಕರ್ತೃ ಯಾರು ಎಂದು ನಾವು ವರ್ಷಗಟ್ಟಲೆ ಕಲಿಸುತ್ತೇವಲ್ಲ!

ಆದರೆ ಚರ್ಚೆ ಒಂದೇ ಕಡೆ ಜಾರಲಿಲ್ಲ, ಜಾರಬಾರದು ಕೂಡ. ಬಸ್ಸಿನವರಿಗೆ ವಿನಾಯಿತಿ ಕೊಡಿ ಎಂದು ಮಾತು ತಿರುಗಿದಾಗ ಊರೊಳಗಿನ ಹುಡುಗಿಯರು ಎದ್ದರು. ತರಗತಿ ಕಸ ಗುಡಿಸುವವರು ಅವರು. ಬೇಗ ಬಂದವರು ಗುಡಿಸಬೇಕು ಎಂಬುದು ಅಲಿಖಿತ ನಿಯಮ, ಮತ್ತು ಬೇಗ ಬಂದ ಹುಡುಗರ ಕಣ್ಣಿಗೆ ಪೊರಕೆ ಬೀಳುವುದಿಲ್ಲ ಎಂಬುದು ಇನ್ನೂ ಹಳೆಯ ನಿಯಮ. "ಅವ್ರು ಲೇಟಾಗಿ ಬರ್ತಾರ, ನಾವು ದಿನಾ ಗುಡಸ್ತೀವಿ. ಅವ್ರಿಗೆ ರಿಯಾಯ್ತಿ, ನಮಗೇನ್ರೀ?" ಒಬ್ಬರ ಅನ್ಯಾಯ ಕಳೆಯಲು ಹೋದರೆ ಅದರ ಭಾರ ಬೇರೆ ಯಾರದೋ ತಲೆಗೆ ಹೋಗಬಹುದು ಎಂಬುದನ್ನು ನಾನು ಹೇಳಿಕೊಡಬೇಕಾಗಿ ಬರಲಿಲ್ಲ. 'ಸಾಮಾಜಿಕ ನ್ಯಾಯ' ಎಂಬ ಪದ ಆ ತರಗತಿಯಲ್ಲಿ ಇನ್ನೂ ಯಾರ ಬಾಯಲ್ಲೂ ಬಂದಿರಲಿಲ್ಲ, ಆದರೆ ಅದರ ಹೊಟ್ಟೆಯೊಳಗಿನ ಕಷ್ಟ ಬಂದಿತ್ತು.

ಎರಡನೇ ದಿನ ಕಸದ ಮಾತು ಬಂತು. ನಾನು ಇಡೀ ಪಾಠವನ್ನು ಇದಕ್ಕಾಗಿ ಮಾಡಿದೆ ಎಂದರೂ ತಪ್ಪಿಲ್ಲ. ತಡವಾದ ಮಕ್ಕಳಿಗೆ ಮೈದಾನದ ಕಸ ಆರಿಸುವ ಶಿಕ್ಷೆ ಸರಿಯೇ ಎಂದು ಕೇಳಿದೆ. ಹೆಚ್ಚಿನವರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಹೊಡೆಯುವುದಿಲ್ಲವಲ್ಲ, ಬಿಸಿಲಲ್ಲಿ ನಿಲ್ಲಿಸುವುದಿಲ್ಲವಲ್ಲ, ಶಾಲೆಯೂ ಸ್ವಚ್ಛವಾಗುತ್ತದೆ. ಹಿಂದಿನಿಂದ ಒಬ್ಬ ಹುಡುಗ ಎದ್ದ. ಅವನ ತಾಯಿ ಊರಿನ ಗಟಾರ, ರಸ್ತೆ ಗುಡಿಸುವ ಕೆಲಸದವರು. "ನಮ್ಮವ್ವ ದಿನಾ ಮಾಡೂ ಕೆಲಸ ನಿಮಗ ಶಿಕ್ಷಾ ಹೆಂಗ್ ಆಗತೈತ್ರೀ? ಅಕಿ ಏನ್ ತಪ್ಪ್ ಮಾಡ್ಯಾಳ?"

ತರಗತಿ ಸುಮ್ಮನಾಯಿತು. ನಾನೂ ಸುಮ್ಮನಿದ್ದೆ.

ಪೀಠಿಕೆ ಸಮಾನತೆಯನ್ನು ಎರಡು ಕಡೆ ಕಟ್ಟುತ್ತದೆ: ಸ್ಥಾನಮಾನದಲ್ಲಿ, ಅವಕಾಶದಲ್ಲಿ. ಪಠ್ಯಪುಸ್ತಕ ಓದುವಾಗ ಇವೆರಡೂ ಒಂದೇ ಉಸಿರಿನಲ್ಲಿ ಹೋಗಿಬಿಡುತ್ತವೆ, ಉತ್ತರ ಪತ್ರಿಕೆಯಲ್ಲೂ ಅವಳಿ ಪದಗಳಂತೆ ಬರುತ್ತವೆ. ಗೇಟಿನ ತಕರಾರು ಅವನ್ನು ಬಿಡಿಸಿ ತೋರಿಸಿತು. ಬಸ್ಸಿನ ಮಗು ಗಣಿತ ಕಳೆದುಕೊಳ್ಳುವುದು ಅವಕಾಶದ ಪ್ರಶ್ನೆ. ಅದಕ್ಕೆ ಹತ್ತು ನಿಮಿಷ ಗೇಟು ತೆರೆದಿಟ್ಟರೆ ಅರ್ಧ ಪರಿಹಾರ. ಕಸ ಆರಿಸುವುದನ್ನು ಶಿಕ್ಷೆ ಮಾಡುವುದು ಸ್ಥಾನಮಾನದ ಪ್ರಶ್ನೆ. ಅಲ್ಲಿ ಆ ಹುಡುಗ ಎಂದೂ ತಡವಾಗಿ ಬಂದವನಲ್ಲ, ಅವನ ಹಾಜರಿ ಪೂರ್ತಿ ಇತ್ತು, ಅವನು ಯಾವ ಅವಕಾಶವನ್ನೂ ಕಳೆದುಕೊಂಡಿರಲಿಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ಶಾಲೆ ಅವನಿಗೆ, ನಿನ್ನ ಮನೆಯವರ ಕೆಲಸ ಕೆಟ್ಟ ಮಕ್ಕಳಿಗೆ ಕೊಡುವ ದಂಡನೆ ಎಂದು ಹೇಳುತ್ತಿತ್ತು.

ಆಗ ನಾನು ಅಂಬೇಡ್ಕರ್ ಅವರ ಸಾತಾರಾದ ಶಾಲೆಯ ಕತೆ ಹೇಳಿದೆ. ಆ ಹುಡುಗನಿಗೆ ಶಾಲೆಗೆ ಪ್ರವೇಶ ಇತ್ತು, ಪುಸ್ತಕ ಇತ್ತು, ಗುರುಗಳು ಇದ್ದರು. ಆದರೆ ಕೂರಲು ಮನೆಯಿಂದ ಒಯ್ದ ಗೋಣಿತಟ್ಟು. ನೀರು ಬೇಕೆಂದರೆ ತಾನೇ ನಳ ಮುಟ್ಟುವಂತಿಲ್ಲ, ಶಾಲೆಯ ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಅವಕಾಶ ಸಿಕ್ಕಿ ಸ್ಥಾನಮಾನ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಆ ಹುಡುಗ ದೊಡ್ಡವನಾಗಿ 1925ರಲ್ಲಿ ನಮ್ಮ ನಿಪ್ಪಾಣಿಗೇ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ ಎಂದಾಗ ಮಕ್ಕಳಿಗೆ ನಂಬಿಕೆ ಬರಲಿಲ್ಲ. ಅವರ ಪಾಲಿಗೆ ಅಂಬೇಡ್ಕರ್ ಅಂದರೆ ದೆಹಲಿ ಮತ್ತು ಪುತ್ಥಳಿ. ತಂಬಾಕಿನ ವಖಾರಿಗಳ ನಿಪ್ಪಾಣಿಗೂ ಪೀಠಿಕೆಗೂ ಸಂಬಂಧ ಇರಬಹುದು ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಇಷ್ಟಾದ ಮೇಲೆ ಪುಸ್ತಕ ತೆಗೆಸಿದೆ. ನೀವು ಎರಡು ದಿನ ಆಡಿದ ಮಾತು ಇಲ್ಲಿ ಎಲ್ಲೆಲ್ಲಿ ಇದೆ, ಪೆನ್ಸಿಲಿನಿಂದ ಗೆರೆ ಎಳೆಯಿರಿ ಎಂದೆ. ಬಸ್ಸಿನವರು 'ಅವಕಾಶ'ದ ಕೆಳಗೆ ಎಳೆದರು. ಗುಡಿಸುವ ಹುಡುಗಿಯರು 'ನ್ಯಾಯ'ದ ಕೆಳಗೆ. ಪೌರಕಾರ್ಮಿಕರ ಮಗ 'ಸ್ಥಾನಮಾನ'ದ ಕೆಳಗೆ ಎಳೆದು, ಸ್ವಲ್ಪ ಹೊತ್ತು ಯೋಚಿಸಿ, 'ವ್ಯಕ್ತಿಗೌರವ'ದ ಕೆಳಗೂ ಎಳೆದ. ಹುಡುಗಿಯೊಬ್ಬಳು 'ಭ್ರಾತೃತ್ವ'ದ ಹತ್ತಿರ ನಿಂತು, ಭ್ರಾತೃ ಅಂದರೆ ಅಣ್ಣತಮ್ಮ ಅಲ್ಲವೇ, ಇದರಲ್ಲಿ ನಾವೆಲ್ಲಿ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಈ ಪದ ಧ್ಯೇಯಗಳ ನಿರ್ಣಯದಲ್ಲಿ ಇರಲಿಲ್ಲ, ಕರಡು ಸಮಿತಿ ಆಮೇಲೆ ಸೇರಿಸಿತು.

ಇಲ್ಲಿ ನಮ್ಮ ಗಡಿಯ ಭಾಗ್ಯವೊಂದನ್ನು ಹೇಳಲೇಬೇಕು. ನಮ್ಮಲ್ಲಿ ಮರಾಠಿ ಮಾಧ್ಯಮದ ಶಾಲೆಗಳಿವೆ, ಒಂದೇ ಓಣಿಯ ಮಕ್ಕಳು ಎರಡು ಭಾಷೆಯ ಪೀಠಿಕೆ ಓದುತ್ತಾರೆ. ಮರಾಠಿಯಲ್ಲಿ ಸ್ಥಾನಮಾನಕ್ಕೆ 'ದರ್ಜಾ', ಅವಕಾಶಕ್ಕೆ 'ಸಂಧೀ', ಭ್ರಾತೃತ್ವಕ್ಕೆ 'ಬಂಧುತಾ'. ಸಂಧಿ ಎಂದರೆ ನಮ್ಮ ಕನ್ನಡ ಮಕ್ಕಳಿಗೆ ಲೋಪ ಆಗಮ ಆದೇಶ ನೆನಪಾಗಿ ನಗು. ಆದರೆ ದರ್ಜಾ ಎಂದೊಡನೆ ಇಬ್ಬರಿಗೂ ಅರ್ಥವಾಗುತ್ತದೆ, ಏಕೆಂದರೆ ಎರಡನೇ ದರ್ಜೆ ಎನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಇಲ್ಲಿ ಕಡಿಮೆ. ಬಂಧುತಾ ಕೇಳಿ ಆ ಹುಡುಗಿ, ಬಂಧು ಅಂದರೆ ನಾವೂ ಬಂದೆವು ಎಂದಳು. ಮರಾಠಿಯವರ ಬಂಧು ಕೂಡ ಸಾಮಾನ್ಯವಾಗಿ ಅಣ್ಣತಮ್ಮನೇ, ಕನ್ನಡದಲ್ಲಿ ಅದು ಇಡೀ ಬಳಗ. ಗಡಿ ವಿವಾದ ಎಂದರೆ ಬಸ್ಸಿಗೆ ಮಸಿ ಬಳಿಯುವುದಷ್ಟೇ ಎಂದುಕೊಂಡಿರುವ ಎರಡೂ ಕಡೆಯ ವೀರರು ಒಮ್ಮೆ ಈ ಎರಡು ಪೀಠಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಲಿ.

ಈಗ ಮತದಾನದ ವಿಷಯ. ಮೊದಲ ದಿನ 29 ಜನ ಗೇಟಿನ ಪರ ಇದ್ದರು. ಹಾಗಾದರೆ ಬಹುಮತ ಹೇಳಿದಂತೆ ಮುಗಿಸಬೇಕಲ್ಲವೇ? ಪ್ರಜಾಪ್ರಭುತ್ವ ಅಂದರೆ ಅದೇ ಎಂದು ನಾವು ಮಂತ್ರಿಮಂಡಲದ ಚುನಾವಣೆ ಮಾಡಿಸಿ ಕಲಿಸಿದ್ದೇವಲ್ಲ? ಇದಕ್ಕೆ ನಾನು ಮತ್ತೆ ಆ ಅಕ್ಟೋಬರ್ 17ಕ್ಕೆ ಹೋದೆ. ಅಂದು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್ ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಎಂದು ತಿದ್ದುಪಡಿ ತಂದರು. ಇಂಥ ವಿಷಯವನ್ನು ಮತಕ್ಕೆ ಹಾಕಬೇಕೇ ಎಂದು ಅಧ್ಯಕ್ಷರಾದ ರಾಜೇಂದ್ರ ಪ್ರಸಾದರಿಗೇ ಹಿಂಜರಿಕೆ. ಪಟ್ಟಂ ಥಾಣು ಪಿಳ್ಳೆ ಇದು ನಂಬಿಕೆಯ ಮೇಲೆ ಒತ್ತಾಯವಾಗುತ್ತದೆ ಎಂದರು, ಹೃದಯನಾಥ ಕುಂಜ್ರು ಅದೇ ಪೀಠಿಕೆ ನಂಬಿಕೆಯ ಸ್ವಾತಂತ್ರ್ಯ ಕೊಡುತ್ತಿರುವಾಗ ಇದು ಹೊಂದುವುದಿಲ್ಲ ಎಂದರು. ಕಾಮತ್ ಬಿಡಲಿಲ್ಲ, ಮತ ಎಣಿಸಿದರು: ಪರ 41, ವಿರುದ್ಧ 68. ಮಕ್ಕಳಿಗೆ ನಾನು ಕೇಳಿದ್ದು ಇಷ್ಟೇ: ಸಂಖ್ಯೆ ತಿರುಗಮುರುಗ ಆಗಿದ್ದರೆ, 68 ಜನ ದೇವರ ಪರ ಇದ್ದಿದ್ದರೆ, ಉಳಿದ 41 ಜನರ ನಂಬಿಕೆ ಆ ಸಂಜೆ ಬದಲಾಗುತ್ತಿತ್ತೇ?

ಬಹಳ ಹೊತ್ತಿನ ಗದ್ದಲದ ನಂತರ ಅವರೇ ಒಂದು ಗೆರೆ ಹಾಕಿಕೊಂಡರು. ಗೇಟು ಎಷ್ಟು ಗಂಟೆಗೆ, ಕಸ ಯಾವ ದಿನ ಯಾರು, ಇವಕ್ಕೆ ಮತ ಹಾಕಬಹುದು. ಒಂದು ಮಗುವನ್ನು ಪಾಠದಿಂದ ಹೊರಗಿಡಬಹುದೇ, ಒಬ್ಬರ ಅವ್ವನ ಕೆಲಸವನ್ನು ಶಿಕ್ಷೆ ಎನ್ನಬಹುದೇ, ಇವಕ್ಕೆ ಮತವಿಲ್ಲ. ಮೂಲಭೂತ ಹಕ್ಕುಗಳ ಅಧ್ಯಾಯ ಯಾಕೆ ಬೇಕು ಎಂಬ ಪ್ರಶ್ನೆಗೆ ನಾನು ಇಪ್ಪತ್ತು ವರ್ಷ ಬರೆಸಿದ ಯಾವ ಉತ್ತರವೂ ಇದಕ್ಕೆ ಸಮ ಇರಲಿಲ್ಲ.

ಇಲ್ಲಿ ಶಿಕ್ಷಕರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಪೀಠಿಕೆಯೇ ಮಗುವಿಗೆ ಹಕ್ಕು ಕೊಡುತ್ತದೆ ಎಂದು ಹೇಳಬೇಡಿ. 1960ರಲ್ಲಿ ಬೇರೂಬಾರಿ ವಿಷಯದಲ್ಲಿ ಸುಪ್ರೀಂ ಕೋರ್ಟ್ ಪೀಠಿಕೆ ಸಂವಿಧಾನದ ಭಾಗವೇ ಅಲ್ಲ ಎಂದಿತ್ತು. 1973ರಲ್ಲಿ ಭಾಗ ಹೌದು ಎಂದಿತು, ಆ ಮೊಕದ್ದಮೆ ಹೂಡಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ಆದರೂ ಬರೀ ಪೀಠಿಕೆ ಹಿಡಿದು ಕೋರ್ಟಿಗೆ ಹೋಗಿ ಗೇಟು ತೆಗೆಸಲಾಗದು. ಗೇಟಿನ ವಿಷಯದಲ್ಲಿ ಕೆಲಸ ಮಾಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆ: ಅದರ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅದಕ್ಕೂ ಮಿತಿ ಇದೆ. ಆ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೇ ತರಗತಿಯ ತನಕ. ಅದೇ ಗೇಟಿನಲ್ಲಿ ನಿಂತ ಒಂಬತ್ತು, ಹತ್ತನೆಯವರು ಅದರ ನೆರಳಿನಿಂದ ಹೊರಗೆ. ಇದನ್ನು ಕೇಳಿ ಎಂಟನೆಯ ಮಕ್ಕಳು, ಹಾಗಾದರೆ ಮುಂದಿನ ವರ್ಷ ನಮ್ಮ ಗೌರವ ಕಡಿಮೆ ಆಗುತ್ತದೆಯೇ ಎಂದು ಕೇಳಿದರು. ಪೀಠಿಕೆಯ ಕೆಲಸ ಶುರುವಾಗುವುದು ಅಲ್ಲಿ, ಕಾಯ್ದೆ ಎಲ್ಲಿ ಸಾಲದು ಎಂದು ತೋರಿಸುವುದರಲ್ಲಿ.

ಪಾಠ ನಾಟಿತೋ ಇಲ್ಲವೋ ಹೇಗೆ ತಿಳಿಯುವುದು? ಮಕ್ಕಳು "ಎಲ್ಲರೂ ಸಮಾನರು ಸರ್" ಎಂದು ಕೋರಸ್ಸಿನಲ್ಲಿ ಹೇಳಿದರೆ ನಾಟಿಲ್ಲ ಎಂದು ತಿಳಿಯಿರಿ, ಅವರು ನಿಮ್ಮ ಮುಖ ಓದುತ್ತಿದ್ದಾರೆ ಅಷ್ಟೇ. ಚರ್ಚೆ ಒಂದು ಮಗುವಿನ ಮೇಲಿನ ಚಾಡಿಯಾಗಿ ತಿರುಗಿದರೂ ಕೆಟ್ಟಿತು, ತಕ್ಷಣ ಹೆಸರುಗಳನ್ನು ತೆಗೆದು ಲೆಕ್ಕಕ್ಕೆ ವಾಪಸ್ ತನ್ನಿ. ನನಗೆ ನಂಬಿಕೆ ಬಂದದ್ದು ತಿಂಗಳ ನಂತರ, ಕಬಡ್ಡಿ ತಂಡದ ಆಯ್ಕೆಯ ಜಗಳದಲ್ಲಿ. ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: "ಚಾನ್ಸ್ ಕೊಟ್ಟಾರಪಾ, ಅದ ಅಲ್ಲ ಮಾತು. ಎಲ್ಲಾರ ಮುಂದ ಹೆಂಗ್ ಮಾತಾಡ್ಸಿದ್ರು, ಅದು ದರ್ಜಾದ ಮಾತು." ನಾನು ಕಂಬದ ಹಿಂದೆ ಇದ್ದೆ, ಅವನಿಗೆ ಗೊತ್ತಿರಲಿಲ್ಲ.

ಸಹೋದ್ಯೋಗಿಗಳ ದೊಡ್ಡ ಆಕ್ಷೇಪ ಸಮಯದ್ದಲ್ಲ, ಅದು ನೆಪ. ನಿಜವಾದ ಆಕ್ಷೇಪವನ್ನು ಒಬ್ಬರು ಚಹಾ ಕುಡಿಯುತ್ತ ನೇರವಾಗಿ ಹೇಳಿದರು: "ಇವತ್ತ ಗೇಟ್ ಕೇಳ್ತಾವ, ನಾಳೆ ನಮ್ಮನ್ನ ಕೇಳ್ತಾವು." ಹೌದು, ಕೇಳುತ್ತಾರೆ. ಮೇಷ್ಟ್ರು ತಡವಾಗಿ ಬಂದರೆ ಯಾವ ವಹಿಯಲ್ಲಿ ಬರೆಯುತ್ತಾರೆ ಎಂದು ನನ್ನನ್ನೇ ಕೇಳಿದ್ದಾರೆ. ಕೇಳಬಾರದು ಎನ್ನುವುದಾದರೆ ಬೆಳಿಗ್ಗೆ ಆ ಎರಡು ನಿಮಿಷ ಮಕ್ಕಳ ಬಾಯಲ್ಲಿ 'ವಿಚಾರ', 'ಅಭಿವ್ಯಕ್ತಿ' ಎಂದು ಹೇಳಿಸುವುದನ್ನು ನಿಲ್ಲಿಸುವುದು ಪ್ರಾಮಾಣಿಕ. ಮಕ್ಕಳು ಮಾತು ಕಲಿತರೆ ಶಿಸ್ತು ಕೆಡುತ್ತದೆ ಎನ್ನುವವರು ಗೇಟಿನ ವಹಿಯನ್ನೊಮ್ಮೆ ನೋಡಲಿ. ಅಷ್ಟು ವರ್ಷದ ಶಿಸ್ತಿನಿಂದ ಒಂದು ಬಸ್ಸೂ ಒಂದು ನಿಮಿಷ ಮುಂಚೆ ಬಂದಿರಲಿಲ್ಲ.

ಮಕ್ಕಳು ಬರೆದ ಹೊಸ ನಿಯಮವನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟರು. ಬಸ್ಸಿನವರು ಮತ್ತು ಮನೆಗೆಲಸದವರು ಹತ್ತೂಕಾಲರ ತನಕ ನೇರ ತರಗತಿಗೆ ಬರಬಹುದು. ಹತ್ತಿರದ ಮನೆಯ ಇಬ್ಬರು ಮಧ್ಯಾಹ್ನ ಹತ್ತು ನಿಮಿಷ ಕೂತು ಕಳೆದ ಲೆಕ್ಕ ಮಾಡಬೇಕು. ಕಸ ಯಾರಿಗೂ ಶಿಕ್ಷೆಯಲ್ಲ, ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಸರದಿ, ಹುಡುಗರಿಗೂ. ಕೊನೆಗೆ ಒಂದು ಸಾಲು: ಸರದಿಯಲ್ಲಿ ಶಿಕ್ಷಕರೂ ಇರಬೇಕು. ಮುಖ್ಯೋಪಾಧ್ಯಾಯರು ಕೊನೆಯ ಸಾಲಿಗೆ ಕೆಂಪು ಗೆರೆ ಎಳೆದು ಉಳಿದದ್ದಕ್ಕೆ ಸಹಿ ಹಾಕಿದರು. ಮೂರು ವಾರದ ನಂತರ ವಹಿ ಮತ್ತೆ ಎಣಿಸಿದೆವು. ಹತ್ತೂಕಾಲರ ನಂತರ ಬಂದವರು ನಾಲ್ಕು, ಎಲ್ಲ ಬಸ್ಸಿನವರೇ, ಕಬ್ಬಿನ ಗಾಡಿ ರಸ್ತೆಗೆ ಮಗುಚಿದ ಒಂದೇ ದಿನ. ಹುಡುಗರ ಸರದಿ ಎರಡು ವಾರ ಸರಿಯಾಗಿ ನಡೆದು, ಮೂರನೆಯ ವಾರ ಅವರ ಪಾಳಿಯಲ್ಲಿ ಹುಡುಗಿಯರ ಕೈಗೆ ಪೊರಕೆ ವಾಪಸ್ ಬಂದಿತ್ತು. ಯಾರು, ಹೇಗೆ ಎಂದು ಮತ್ತೊಂದು ಪಿರಿಯಡ್ ಹೋಯಿತು. ಬಸ್ಸಿನ ವೇಳೆ ಅರ್ಧ ಗಂಟೆ ಮುಂದಕ್ಕೆ ತನ್ನಿ ಎಂದು ಹನ್ನೊಂದು ಮಕ್ಕಳು ಡಿಪೋಗೆ ಬರೆದ ಪತ್ರಕ್ಕೆ ಉಳಿದ ಮೂವತ್ತಮೂರು ಜನವೂ ಸಹಿ ಹಾಕಿದ್ದರು, ಅದರಲ್ಲಿ ಬಸ್ಸನ್ನೇ ಹತ್ತದವರು ಇದ್ದರು. ಪತ್ರಕ್ಕೆ ಉತ್ತರ ಬಂದಿಲ್ಲ. ಎರಡನೆಯ ಪತ್ರ ಯಾರು ಬರೆಯಬೇಕು ಎಂಬುದರ ಮೇಲೆ ಈಗ ಚರ್ಚೆ ನಡೆದಿದೆ.